ಅಳಿಸಿದ ಸರಿಯುತ್ತರ

ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು, ನನ್ನ ಗಂಡ ಇಬ್ಬರೇ ಮೇಷ್ಟರು. ಒಂದು, ಎರಡನೇ ತರಗತಿ ನನ್ನದು. ಮೂರು, ನಾಲ್ಕು ಅವರದು. ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳವು. ತರಬೇತಿಯಲ್ಲಿ ಅವರ ಕ್ರಮವನ್ನು ವರ್ತನಾವಾದ ಎಂದರು: ಪಾಠ ಸಣ್ಣ ಸಣ್ಣ ತುಂಡು, ಪದೇಪದೇ ಅಭ್ಯಾಸ, ಸರಿಯಾದ ಕೂಡಲೇ ಭೇಷ್, ಸ್ಲೇಟಿನ ಮೇಲೊಂದು ನಕ್ಷತ್ರ. ನನ್ನದು ರಚನಾವಾದವಂತೆ: ಮಗು ಹತ್ತರ ಕಟ್ಟಿನ ಕಡ್ಡಿ, ಹುಣಸೆಬೀಜ ಮುಟ್ಟಿ, ತಾನೇ ಯೋಚಿಸಿ ಅರ್ಥ ಕಟ್ಟಿಕೊಳ್ಳಬೇಕು.

"ನಿಮ್ ಮಕ್ಕಳು ಗಿಣಿಗಳು ಕಣ್ರೀ," ಎನ್ನುತ್ತಿದ್ದೆ.

"ನೀವು ಬೀಜ ಎಣಿಸ್ತಾ ಕೂತಿರಿ ಮೇಡಮ್ನೋರೇ, ಮಗ್ಗಿ ನಾನು ಕಲಿಸ್ತೀನಿ," ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಅವರ ಎದೆಬಡಿತ ನಿಂತುಹೋಯಿತು. ತಿಂಗಳಾದ ಮೇಲೆ ಅವರ ತರಗತಿಗಳ ಮಕ್ಕಳೂ ನನ್ನ ಪಾಲಿಗೆ ಬಂದರು.

ಮೂರನೇ ತರಗತಿಯ ಹುಡುಗಿಯೊಬ್ಬಳು ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದು ಇಪ್ಪತ್ತೈದು ಬರೆದಿದ್ದಳು. "ಹೇಗೆ ಬಂತು?" ಎಂದೆ. ನನ್ನ ಮುಖ ನೋಡಿದಳು. ಅಂಗೈಯಿಂದ ಒರೆಸಿ ಮೂವತ್ತೈದು ಎಂದು ಬರೆದಳು.

"ಯಾಕೆ ಅಳಿಸಿದೆ?"

"ಸರಿ ಇದ್ರೆ ಸಾ ಏನೂ ಕೇಳ್ತಿರ್ನಿಲ್ಲ ಮಿಸ್. ಕೇಳುದ್ರೆ ತಪ್ಪು ಅಂತ."

ಇಷ್ಟು ವರ್ಷ ಅವರು ಕಲಿಸಿದ್ದು ಲೆಕ್ಕವೋ, ಮೇಷ್ಟರ ಮುಖ ಓದುವುದೋ? ಸತ್ತವರ ಮೇಲೆ ಅನುಮಾನ ಪಡುತ್ತಿದ್ದೇನೆಂದು ನಾಚಿಕೆಯಾಯಿತು, ಆದರೂ ಕೇಳಿದೆ. "ಎರಡನೇ ಕ್ಲಾಸಲ್ಲಿ ನನ್ನ ಹತ್ರ ಅರ್ಥ ಮಾಡ್ಕೊಂಡೇ ಮಾಡ್ತಿದ್ಯಲ್ಲ?"

"ನೀವು ಯಾಕೆ ಅಂದಾಗ 'ಅತ್ತರ ಕಟ್ಟು ಬಿಚ್ದೆ' ಅಂದ್ರೆ ಸಾಕಿತ್ತು ಮಿಸ್. ಸುಮ್ನಾಯ್ತಿದ್ರಿ."

ಪಕ್ಕದವಳು ಕಿಸಕ್ಕೆಂದಳು. ನನಗೆ ನಗು ಬರಲಿಲ್ಲ. ನನ್ನವೂ ಗಿಣಿಗಳೇ; ಬಾಯಿಪಾಠದ ಮಾತು ಬೇರೆ, ಅಷ್ಟೆ.

ಮರುದಿನ ಹಲಗೆಯ ಮೇಲೆ ಬೇಕೆಂದೇ ತಪ್ಪು ಬರೆದೆ: ಅರವತ್ತೊಂದರಲ್ಲಿ ಇಪ್ಪತ್ನಾಲ್ಕು ಹೋದರೆ ನಲವತ್ಮೂರು. ಗೋಡೆಯ ಕಡೆ ತಿರುಗಿ ನಿಂತೆ, ಓದಲು ಮುಖ ಸಿಗದ ಹಾಗೆ. ಬೆನ್ನ ಹಿಂದಿನಿಂದ ಅದೇ ಹುಡುಗಿ, "ತಪ್ಪು ಮಿಸ್. ನಲವತ್ಮೂರ್ಕೆ ಇಪ್ಪತ್ನಾಕು ಕೂಡುದ್ರೆ ಅರವತ್ತೇಳು ಬತ್ತದೆ," ಎಂದಳು.

"ಕೂಡು ಅಂತ ಯಾರು ಹೇಳಿದ್ರು?"

"ಸಾ. ಕಳೆದ್ಮೇಲೆ ದಿನಾ ಕೂಡುಸ್ತಿದ್ರು."

ಕಡ್ಡಿಗಳನ್ನು ಕೊಟ್ಟೆ. ಆರು ಕಟ್ಟಿನಲ್ಲಿ ಒಂದನ್ನು ಬಿಚ್ಚಿ, ಹನ್ನೊಂದು ಬಿಡಿ ಕಡ್ಡಿಗಳಿಂದ ನಾಲ್ಕು ತೆಗೆದು, ಉಳಿದ ಐದು ಕಟ್ಟಿನಲ್ಲಿ ಎರಡು ಬದಿಗಿಟ್ಟು ಮೂವತ್ತೇಳು ಎಂದಳು. ಈ ಸಲ ನಾನು "ಸರೀನಾ?" ಎಂದರೂ ಅವಳು ಅಳಿಸಲಿಲ್ಲ.

ಕೂಡಿ ನೋಡುವುದೇಕೆಂದು ಅವಳಿಗೆ ಗೊತ್ತಿತ್ತೋ, ಅದೂ ಅಭ್ಯಾಸಬಲವೋ, ಇಂದಿಗೂ ನನಗೆ ಖಾತ್ರಿಯಿಲ್ಲ. ಅವರಿದ್ದಿದ್ದರೆ ಸಂಜೆ ಜಗಳವಾಡಿ ತಿಳಿದುಕೊಳ್ಳುತ್ತಿದ್ದೆ.