ಗೋಡೆಯ ಬದಿಗಿದ್ದ ಹಳದಿ ಫಲಕ

ಬಾಟಲಿ ಮುಚ್ಚಳ ಮಾಡುವ ಆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಗುಮಾಸ್ತನಿಗೆ ಕೆಲಸಗಾರರು ಇಟ್ಟಿದ್ದ ಹೆಸರು ಕೆಂಪು ಪೆನ್ನು. ಯಾರಿಗಾದರೂ ಗಾಯವಾದರೆ, ಅವರು ಬರೆದುಕೊಡುವ ಹೇಳಿಕೆ ಮೊದಲು ಅವನ ಮೇಜಿಗೆ ಬರಬೇಕಿತ್ತು. ಯಂತ್ರಕ್ಕೆ ಬೆರಳು ಕೊಟ್ಟವರು, ಕಾಲ ಮೇಲೆ ಪೆಟ್ಟಿಗೆ ಬೀಳಿಸಿಕೊಂಡವರು, ಎಲ್ಲರೂ ಬ್ಯಾಂಡೇಜು ಕಟ್ಟಿಕೊಂಡೇ ಅವನ ಮುಂದೆ ಕೂತು ಎರಡೆರಡು ಸಲ ಬರೆದವರು. ‘ಪ್ರಾಣವೇ ಹೋದಂತಾಯಿತು’ ಎಂದಿದ್ದರೆ ಕೆಂಪು ಗೆರೆ. ‘ಮೇಸ್ತ್ರಿಯ ಅಜಾಗರೂಕತೆಯಿಂದ’ ಎಂದಿದ್ದರೆ ಇನ್ನೊಂದು. ನೀನು ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಏನು ಕಂಡೆ, ಮೈಯ ಯಾವ ಭಾಗ ಎಲ್ಲಿಗೆ ಬಡಿಯಿತು, ಅಷ್ಟು ಬರೆ. ಯಾರ ತಪ್ಪು ಅನ್ನುವುದನ್ನು ತನಿಖೆ ಮಾಡುವವರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದ. ಅವನ ಕೈದಾಟಿ ಹೋದ ಹೇಳಿಕೆಯನ್ನು ವಿಮೆಯವರು ಒಮ್ಮೆಯೂ ವಾಪಸು ಕಳಿಸಿರಲಿಲ್ಲ. ಅದರ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಊಟಕ್ಕೆ ಕೂತಾಗಲೂ ಅದೇ ಪುರಾಣ ಬಿಚ್ಚುತ್ತಿದ್ದುದರಿಂದ ಹೆಂಡತಿಗೆ ಆ ನಿಯಮಗಳೆಲ್ಲ ಬಾಯಿಪಾಠವಾಗಿದ್ದವು.

ಅವನು ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ. ಮಹಡಿಯ ಕಡತ ಕೋಣೆಯಿಂದ ಏಳು ಕಡತಗಳನ್ನು ಎದೆಗವಚಿಕೊಂಡು ಇಳಿಯುತ್ತಿದ್ದವನ ಕಾಲು ಒದ್ದೆ ಮೆಟ್ಟಿಲ ಮೇಲೆ ಜಾರಿತು. ಕಡತಗಳು ಅವನಿಗಿಂತ ಮುಂಚೆ ಕೆಳಗೆ ತಲುಪಿದವು. ಬಲಗೈ ಊರಿದ್ದು ಗೊತ್ತಾಯಿತು, ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದದ್ದು ಗೊತ್ತಾಯಿತು, ಆಮೇಲೆ ಸೊಂಟ. ಸದ್ದು ಕೇಳಿ ಕೆಳಗಿನ ಕೋಣೆಗಳಿಂದ ಹತ್ತು ಹನ್ನೆರಡು ಜನ ಓಡಿಬಂದರು. ಮೆಟ್ಟಿಲ ತಿರುವಿನಲ್ಲಿ ಕಾಲು ಚಾಚಿ ಬಿದ್ದಿದ್ದ ಅವನ ಅಂಗಿ ಪ್ಯಾಂಟಿನಿಂದ ಹೊರಬಂದಿತ್ತು, ಒಂದು ಚಪ್ಪಲಿ ಎಲ್ಲೋ ಹೋಗಿತ್ತು. ನೋವಿಗಿಂತ ಮೊದಲು ಅವನಿಗಾದದ್ದು ನಾಚಿಕೆ. ಅಂಗಿಯನ್ನು ಒಳಗೆ ಸೇರಿಸಿಕೊಳ್ಳಲು ಹೋದಾಗಲೇ ಬಲಗೈ ಮಾತು ಕೇಳುತ್ತಿಲ್ಲವೆಂದು ತಿಳಿದದ್ದು.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೂಳೆ ಮುರಿದಿದೆ ಎಂದು ಪಟ್ಟಿ ಹಾಕಿ, ಆರು ವಾರ ಅಲ್ಲಾಡಿಸಬಾರದೆಂದು ಹೇಳಿ ಕಳಿಸಿದರು. ಮರುದಿನ ಮಧ್ಯಾಹ್ನ ಕಾರ್ಖಾನೆಯಿಂದ ನಮೂನೆ ಬಂತು. ಜಗತ್ತಿಗೆಲ್ಲ ಹೇಳಿಕೆ ಬರೆಸಿದವನಿಗೆ ತನ್ನದನ್ನು ಬರೆಯಲು ಕೈಯಿಲ್ಲ. ಹೆಂಡತಿ ಹೊಲಿಗೆ ಯಂತ್ರದ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಕನ್ನಡಕ ಏರಿಸಿ ಕೂತಳು. ಅವನು ಕಣ್ಣು ಮುಚ್ಚಿ ಹೇಳುತ್ತಾ ಹೋದ. ದಿನ, ಹೊತ್ತು, ಕೈಯಲ್ಲಿದ್ದ ಕಡತಗಳು, ಕಾಲಲ್ಲಿದ್ದ ಚಪ್ಪಲಿ, ಬೆಳಕು ಸಾಕಷ್ಟಿತ್ತು. ಆಮೇಲೆ: ‘ಮೆಟ್ಟಿಲು ಒದ್ದೆಯಾಗಿತ್ತು. ಎಚ್ಚರಿಕೆಯ ಫಲಕ ಮೆಟ್ಟಿಲ ಬಾಯಲ್ಲಿರಲಿಲ್ಲ, ಗೋಡೆಯ ಬದಿಗಿತ್ತು.’

ಹೆಂಡತಿಯ ಪೆನ್ನು ನಿಂತಿತು. “ಗೋಡೆ ಬದಿಗೆ ಯಾಕಿತ್ತು?”

“ಯಾಕೆ ಅನ್ನೋದೆಲ್ಲ ಹೇಳಿಕೆಯಲ್ಲಿ ಬರಲ್ಲ. ಕಂಡದ್ದಷ್ಟೇ ಬರೀಬೇಕು.”

ಅವಳು ಒಂದು ಗಳಿಗೆ ಅವನ ಮುಖ ನೋಡಿ, ಬರೆದಳು. ಕೊನೆಗೆ, ಗಾಯಾಳು ಹೇಳಿದಂತೆ ಬರೆದು ಅವರಿಗೆ ಓದಿ ಹೇಳಲಾಗಿದೆ ಎಂದು ಸೇರಿಸಿ ತನ್ನ ಸಹಿ ಹಾಕಿದಳು. ಅವನು ಎಡಗೈ ಹೆಬ್ಬೆಟ್ಟು ಒತ್ತಿದ.

ಬರೆಸಿದ ಒಂದೊಂದು ಮಾತೂ ಅವನ ಲೆಕ್ಕದಲ್ಲಿ ನಿಜವೇ. ಮೆಟ್ಟಿಲು ಒದ್ದೆಯಿತ್ತು. ಅವನು ಜಾರುವ ಹೊತ್ತಿಗೆ ಫಲಕ ಗೋಡೆಯ ಬದಿಗೇ ಇತ್ತು. ಅದನ್ನು ಅಲ್ಲಿಗೆ ದೂಡಿದ್ದು ಅವನದೇ ಬಲಗಾಲು. ಮೆಟ್ಟಿಲ ಬಾಯಲ್ಲಿ ಸರಿಯಾಗಿ ನಡುಮಧ್ಯೆ ನಿಂತಿದ್ದ ಫಲಕವನ್ನು ಅವನು ಕಂಡಿದ್ದ. ಪಡಸಾಲೆಯ ಆ ತುದಿಯಲ್ಲಿ ಇನ್ನೊಂದು ಮೆಟ್ಟಿಲಿತ್ತು, ನಲವತ್ತು ಹೆಜ್ಜೆ ನಡೆಯಬೇಕಿತ್ತು. ಯಾರು ಸುತ್ತಿಹೋಗುತ್ತಾರೆ ಎಂದುಕೊಂಡು ಕಾಲಲ್ಲಿ ಸರಿಸಿದ್ದ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಸಿದ್ದ. ಎಲ್ಲಿ ಏನು ಬಿಟ್ಟರೆ ಕಾಣುವುದಿಲ್ಲ ಎಂಬುದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆ ಕಾರ್ಖಾನೆಯಲ್ಲಿ ಯಾರಿದ್ದರು?

ಐದನೆಯ ದಿನ ಸುರಕ್ಷತಾ ಅಧಿಕಾರಿ ಮನೆಗೆ ಬಂದಳು. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಹುಡುಗಿ. ಅವನನ್ನು ಮೇಷ್ಟ್ರಂತೆ ಕಾಣುತ್ತಿದ್ದಳು. ಯೋಗಕ್ಷೇಮ ಕೇಳಿ, ಟೀ ಕುಡಿದು, ಅವನ ಹೇಳಿಕೆಯನ್ನು ಬಾಯ್ತುಂಬ ಹೊಗಳಿದಳು. ಒಂದು ಮಾತು ಹೆಚ್ಚಿಲ್ಲ, ಯಾರ ಮೇಲೂ ದೂರಿಲ್ಲ. ಹೆಸರು ತೆಗೆದು ಹೊಸಬರ ತರಬೇತಿಗೆ ಮಾದರಿಯಾಗಿ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಅವನ ಕಿವಿ ಬಿಸಿಯಾಯಿತು. ನೋಡೋಣ ಎಂದ.

ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವಳು ಇನ್ನೊಂದು ಸುದ್ದಿ ಹೇಳಿದಳು. ಮಹಡಿ ಒರೆಸುತ್ತಿದ್ದ ಹೆಂಗಸನ್ನು ಗುತ್ತಿಗೆದಾರ ತೆಗೆದುಹಾಕಿದ್ದಾನಂತೆ. ಫಲಕ ಸರಿಯಾದ ಜಾಗದಲ್ಲಿ ಇಟ್ಟಿರಲಿಲ್ಲವಲ್ಲ, ವ್ಯವಸ್ಥಾಪಕರು ಹೇಳಿಕೆ ಓದಿದವರೇ ಫೋನು ಮಾಡಿದರಂತೆ.

“ಆಯಮ್ಮ ಏನೂ ಹೇಳ್ಲಿಲ್ವಾ?” ಎಂದು ಅವನು ಕೇಳಿದ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

“ಇಲ್ಲ ಸರ್. ಬಕೆಟ್ಟು ಕಪಾಟಿಗಿಟ್ಟು ಹೋದ್ರಂತೆ.”

ಹುಡುಗಿ ಹೋದ ಮೇಲೆ ಅವನು ಕುರ್ಚಿಯಿಂದ ಏಳಲಿಲ್ಲ. ಆ ಹೆಂಗಸಿನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದ, ಬರಲಿಲ್ಲ. ನಾಲ್ಕು ವರ್ಷದಿಂದ ಅವನ ಮೇಜಿನ ಕೆಳಗೆ ಒರೆಸಿದವಳು. ಕಾಲೆತ್ತಿ ಎನ್ನುತ್ತಿದ್ದಳು, ಅವನು ಕಡತದಿಂದ ಕಣ್ಣು ತೆಗೆಯದೆ ಕಾಲೆತ್ತುತ್ತಿದ್ದ. ಅಷ್ಟೇ ಪರಿಚಯ. ಎರಡು ದಿನ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಎದ್ದ. ಕೈ ನೋಯುತ್ತಿದೆಯೇ ಎಂದು ಹೆಂಡತಿ ಕೇಳಿದಾಗ ಹೌದೆಂದ. ಪಕ್ಕದ ಮನೆಯವರು ನೋಡಲು ಬಂದು, ಒರೆಸುವವರಿಗೆ ಸ್ವಲ್ಪವೂ ಜವಾಬ್ದಾರಿಯಿಲ್ಲ ಎಂದು ಬೈದಾಗ, ನೆಲ ಬಾಯಿಬಿಡಬಾರದೇ ಅನ್ನಿಸಿತು; ಆದರೂ ಅಲ್ಲವೆನ್ನಲಿಲ್ಲ. ಆ ಸುಮ್ಮನಿದ್ದದ್ದಕ್ಕೆ ಇನ್ನೊಂದಿಷ್ಟು ನಾಚಿಕೆ ಸೇರಿಕೊಂಡಿತು.

ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ತಲೆ ಬಗ್ಗಿಸಿ ನಿಂತಿದ್ದ ಅವನು ಹಾಗೇ, ಗೋಡೆಗೆ ಹೇಳುವವನಂತೆ, ಎಲ್ಲ ಹೇಳಿಬಿಟ್ಟ.

ಅವಳು ಕೊನೆಯ ಗುಂಡಿ ಹಾಕಿದಳು. ಆಮೇಲೆ ಮೆಲ್ಲಗೆ, “ನನ್ನ ಕೈಯಲ್ಲಿ ಬರೆಸಿದ್ರಲ್ಲ” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಒಳಗೆ ಹೋಗಿ ಬಿಳಿ ಹಾಳೆ, ಪೆನ್ನು ತಂದಿಟ್ಟು, ಹೇಳಿ ಎನ್ನುವಂತೆ ಕೂತಳು. ಅವನು ಈ ಸಲ ಕಣ್ಣು ಮುಚ್ಚಲಿಲ್ಲ.

‘ನಾನು ಮೊದಲು ಕೊಟ್ಟ ಹೇಳಿಕೆಗೆ ಇದು ಸೇರ್ಪಡೆ. ಅದರಲ್ಲಿ ಬರೆಸಿರುವುದು ನಿಜ, ಆದರೆ ಪೂರ್ತಿಯಲ್ಲ. ಮಂಗಳವಾರ ಬೆಳಿಗ್ಗೆ ಸುಮಾರು ಹತ್ತೂಕಾಲಿಗೆ ನಾನು ಮೆಟ್ಟಿಲ ಬಳಿ ಬಂದಾಗ ಹಳದಿ ಫಲಕ ಮೆಟ್ಟಿಲ ಬಾಯಲ್ಲಿ, ನಡುವೆ ಇತ್ತು. ನಾನು ಅದನ್ನು ನೋಡಿದೆ. ನೆಲ ಒದ್ದೆಯಿದೆ ಎಂದು ನನಗೆ ಗೊತ್ತಾಯಿತು. ಫಲಕವನ್ನು ಬಲಗಾಲಿನಿಂದ ಗೋಡೆಯ ಬದಿಗೆ ಸರಿಸಿದೆ. ಪಡಸಾಲೆಯ ಇನ್ನೊಂದು ತುದಿಯ ಮೆಟ್ಟಿಲು ಒಣಗಿತ್ತೋ ಇಲ್ಲವೋ ನಾನು ನೋಡಿಲ್ಲ. ಎರಡೂ ಕೈಯಲ್ಲಿ ಕಡತಗಳಿದ್ದುದರಿಂದ ಕಂಬಿ ಹಿಡಿಯಲಿಲ್ಲ. ಮೂರನೆಯ ಮೆಟ್ಟಿಲಲ್ಲಿ ಎಡಗಾಲು ಜಾರಿತು. ಎಷ್ಟು ಮೆಟ್ಟಿಲು ಉರುಳಿದೆ ಎಂದು ಖಚಿತವಾಗಿ ಹೇಳಲಾರೆ, ನಾಲ್ಕು ಅಥವಾ ಐದು. ಬಲ ಅಂಗೈ ಮೊದಲು ನೆಲಕ್ಕೆ ತಾಗಿತು, ನಂತರ ಬಲ ಸೊಂಟ. ಪ್ರಜ್ಞೆ ತಪ್ಪಲಿಲ್ಲ. ಫಲಕ ಸರಿಸಿದ್ದನ್ನು ಮೊದಲ ಹೇಳಿಕೆಯಲ್ಲಿ ಬರೆಸದೆ ಬಿಟ್ಟದ್ದು ಮರೆವಿನಿಂದಲ್ಲ.’

ಕೊನೆಯ ಸಾಲು ಬರೆದು ಹೆಂಡತಿ ತಲೆಯೆತ್ತಿದಳು. “ನನಗೆ ನಾಚಿಕೆಯಾಗಿದೆ ಅಂತ ಸೇರಿಸ್ಲಾ?”

“ಬೇಡ. ಅದನ್ನ ಬರೆದ್ರೆ ಓದಿದವರು ಅಯ್ಯೋ ಪಾಪ ಅಂತಾರೆ.”

ಆವತ್ತೇ ಇಬ್ಬರೂ ಆಟೋದಲ್ಲಿ ಕಾರ್ಖಾನೆಗೆ ಹೋದರು. ಸಹೋದ್ಯೋಗಿಗಳು ಎದ್ದು ಬಂದು ಕೈ ವಿಚಾರಿಸುತ್ತಿದ್ದರೆ ಅವನು ಯಾರ ಮುಖವನ್ನೂ ನೋಡದೆ ಒಳಗೆ ಹೋದ. ವ್ಯವಸ್ಥಾಪಕರು ಕಾಗದ ಎರಡು ಸಲ ಓದಿದರು. ಒಳ್ಳೆಯ ಮನುಷ್ಯರು, ಅವನ ಮಾನ ಉಳಿಸಲು ನೋಡಿದರು. ವಿಷಯ ಮುಗಿದಿದೆ, ಈಗ ಯಾಕೆ ಕೆದಕಬೇಕು, ಬೇಕೇಬೇಕೆಂದರೆ ಹಳೆಯದನ್ನು ಹರಿದು ಇದನ್ನಷ್ಟೇ ಇಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಅವನು ಬೇಡವೆಂದು ತಲೆಯಾಡಿಸಿದ. ಒಮ್ಮೆ ಸಹಿಯಾಗಿ ಬಂದ ಹೇಳಿಕೆಯನ್ನು ಹರಿಯುವಂತಿಲ್ಲ. ಎರಡನ್ನೂ ಒಟ್ಟಿಗೆ ಪಿನ್ನು ಹಾಕಿ ವಿಮೆಯವರಿಗೂ ಕಳಿಸಬೇಕು ಎಂದ. ಕೆಲಸದ ಹೊತ್ತಿನಲ್ಲಿ ಆದ ಗಾಯ, ತನ್ನದೇ ಅಜಾಗರೂಕತೆ ಇದ್ದರೂ ಚಿಕಿತ್ಸೆಯ ವೆಚ್ಚಕ್ಕೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಅಂದರೆ ಅವನು ಮುಚ್ಚಿಟ್ಟದ್ದು ದುಡ್ಡಿಗಾಗಿಯೂ ಅಲ್ಲ. ಬರೀ ಮುಖ ಉಳಿಸಿಕೊಳ್ಳಲು. ಇದನ್ನು ಬಾಯಿಬಿಟ್ಟು ಹೇಳಿದಾಗ ವ್ಯವಸ್ಥಾಪಕರು ಕಿಟಕಿಯಾಚೆ ನೋಡಿದರು. ಮೇಜಿನ ಪಕ್ಕ ನಿಂತಿದ್ದ ಸುರಕ್ಷತಾ ಅಧಿಕಾರಿ ಹುಡುಗಿ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಮೇಷ್ಟ್ರು ಉಳಿದಿರಲಿಲ್ಲ.

ಗುತ್ತಿಗೆದಾರನಿಗೆ ಫೋನು ಹೋಯಿತು. ಎರಡು ದಿನ ಬಿಟ್ಟು ಆ ಹೆಂಗಸು ಕಾರ್ಖಾನೆಗೆ ಬಂದಳು. ಐವತ್ತರ ಆಸುಪಾಸು, ಕೈಯಲ್ಲಿ ಒಂದು ಬಟ್ಟೆ ಚೀಲ. ಹೆಂಡತಿಯ ಜೊತೆ ಮತ್ತೆ ಬಂದಿದ್ದ ಅವನು, ಮಹಡಿಯಲ್ಲಿ ಸುರಕ್ಷತಾ ಅಧಿಕಾರಿಯ ಕೋಣೆಯ ಹೊರಗಿನ ಬೆಂಚಿನಿಂದ ಎದ್ದು ನಿಂತ.

“ಫಲಕ ನಾನೇ ಸರಿಸಿದ್ದು” ಎಂದಷ್ಟೇ ಅಂದ. “ಬರೀದೇ ಬಿಟ್ಟೆ. ತಪ್ಪಾಯ್ತಮ್ಮ.”

“ನೋಡಿದ್ದೆ ಸಾರ್” ಎಂದಳು ಅವಳು. “ನಲ್ಲಿ ಹತ್ರ ಬಟ್ಟೆ ಹಿಂಡ್ತಿದ್ದೆ. ನೀವು ಕಾಲಲ್ಲಿ ತಳ್ಳಿದ್ದು ಕಂಡೆ. ಕೂಗೋದ್ರೊಳಗೆ ಬಿದ್ರಿ.”

“ಮತ್ತೆ ಹೇಳ್ಬಹುದಿತ್ತಲ್ಲ.”

“ನನ್ನನ್ನ ಯಾರು ಕೇಳಿದ್ರು?”

ಅವಳ ಮಾತು ನಿಜವೇ. ಒಂದು ಅಪಘಾತವಾದರೆ ಹತ್ತಿರದಲ್ಲಿದ್ದವರ ಹೆಸರನ್ನೆಲ್ಲ ಬರೆಯಬೇಕು, ಅವರ ಮಾತನ್ನೂ ಪಡೆಯಬೇಕು. ನಮೂನೆಯಲ್ಲೇ ಅದಕ್ಕೊಂದು ಜಾಗವಿದೆ. ಮೊದಲ ಹೇಳಿಕೆಯಲ್ಲಿ ಆ ಜಾಗಕ್ಕೆ ಅವನು ಬರೆಸಿದ್ದು ‘ಯಾರೂ ಇಲ್ಲ’ ಎಂದು. ಬರೆಸುವಾಗ ಸುಳ್ಳು ಹೇಳುತ್ತಿದ್ದೇನೆ ಎಂದೂ ಅವನಿಗೆ ಅನಿಸಿರಲಿಲ್ಲ. ಪಡಸಾಲೆಯಲ್ಲಿ ಅವಳಿದ್ದಳು ಎಂಬುದೇ ಲೆಕ್ಕಕ್ಕೆ ಬಂದಿರಲಿಲ್ಲ. ಫಲಕದ ವಿಷಯಕ್ಕಿಂತ ಇದು ಅವನನ್ನು ಹೆಚ್ಚು ಕುಗ್ಗಿಸಿತು.

ಅಧಿಕಾರಿ ಹುಡುಗಿ ಹೊರಗೆ ಬಂದು ಅವಳನ್ನು ಒಳಗೆ ಕರೆದಳು. ಅವನೂ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದಿಟ್ಟ.

“ನೀವು ಹೊರಗೇ ಇರಿ ಸರ್” ಎಂದಳು ಹುಡುಗಿ. “ಸಾಕ್ಷಿ ಮಾತಾಡುವಾಗ ಗಾಯಾಳು ಎದುರಿಗಿರಬಾರದು.”

ಅದು ಅವನೇ ಹೇಳಿಕೊಟ್ಟ ನಿಯಮ. ಅವನು ಹಿಂದಕ್ಕೆ ಬಂದು ಹೆಂಡತಿಯ ಪಕ್ಕ ಕೂತ. ಮುಚ್ಚಿದ ಬಾಗಿಲ ಹಿಂದೆ ಆ ಹೆಂಗಸು ಮಾತಾಡತೊಡಗಿದ್ದು ಕೇಳಿಸುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಸಾವಕಾಶದ ದನಿ, ನಡುನಡುವೆ ನಿಲ್ಲುತ್ತಿತ್ತು, ಬರೆದುಕೊಳ್ಳುತ್ತಿರಬೇಕು. ಅವಳು ತನ್ನ ಬಗ್ಗೆ ಏನು ಹೇಳುತ್ತಿರಬಹುದು ಎಂದು ಅವನು ಕೇಳಿಕೊಂಡ. ಏನು ಹೇಳಿದರೂ ಸರಿಯೇ.

ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಅವಳು ಹೊರಬಂದು, ಸೋಮವಾರದಿಂದ ಬಾ ಅಂದಿದ್ದಾರೆ ಎಂದು ಹೆಂಡತಿಗೆ ಹೇಳಿದಳು, ಅವನಿಗಲ್ಲ. ಚೀಲ ಹೆಗಲಿಗೇರಿಸಿ, ಪಡಸಾಲೆಯ ಆಚೆ ತುದಿಯ ಮೆಟ್ಟಿಲಿನ ಕಡೆ ನಡೆದಳು. ಅವಳ ಬೆನ್ನು ಕಣ್ಮರೆಯಾಗುವವರೆಗೂ ಅವನು ನಿಂತೇ ಇದ್ದ.