ಬಂಗಾಳದ ನಾಲ್ಕು

ಹೊನ್ನಾವರ ಬಂದರಿನ ಹತ್ತಿರ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಮೀನಿನ ಬೋಟಿನಲ್ಲಿ ದುಡಿಯಲು ಬಂಗಾಳದಿಂದ ಬಂದವನೊಬ್ಬ ಒಂದು ದಿನ ಚೀಟಿ ತಂದುಕೊಟ್ಟ. ಅದರಲ್ಲಿದ್ದದ್ದು ಅವನೂರಿನ ಅಂಗಡಿಯ ಫೋನ್ ನಂಬರು. ಅಲ್ಲಿಗೆ ಹೆಂಡತಿಯನ್ನು ಕರೆಸಿ ಮಾತಾಡಬೇಕಿತ್ತು.

ಅಂಕಿಗಳು ಬಂಗಾಳಿಯವು. ಸೊನ್ನೆಯೂ ಎರಡೂ ಶಾಲೆಯಲ್ಲಿ ಕಲಿತ ಹಿಂದಿ ಅಂಕಿಯ ಹಾಗೇ ಇದ್ದವು. ಉಳಿದದ್ದನ್ನೂ ಅದೇ ಧೈರ್ಯದಲ್ಲಿ ಒತ್ತಿದೆ. ಮೂರು ಸಲವೂ ಬೇರೆ ಯಾರೋ ಎತ್ತಿದರು. ಚೀಟಿಯೇ ತಪ್ಪು ಎಂದು ಗದರಿದೆ. ಅವನು ಚೀಟಿಯಲ್ಲಿದ್ದ ಒಂದು ಅಂಕಿಯ ಮೇಲೆ ಬೆರಳಿಟ್ಟ. ಅದು ‘৪’.

"ಎಂತ, ಇದು ಎಂಟಲ್ವ?"

ಅವನು ನಾಲ್ಕು ಬೆರಳು ಬಿಚ್ಚಿ ತೋರಿಸಿದ.

ಅವತ್ತೇ ರಟ್ಟಿನ ಮೇಲೆ ಮೂರು ಸಾಲು ಬರೆದೆವು. ಕನ್ನಡದ್ದೂ ಹಿಂದಿಯದ್ದೂ ನಾನು, ಬಂಗಾಳಿಯದ್ದು ಅವನು. ಆಮೇಲೆ ಪ್ರತಿ ಭಾನುವಾರ ಸರಿಯಾಗಿ ಲೈನ್ ಸಿಗುತ್ತಿತ್ತು. ಅವನು ಗೋಡೆಗೆ ಮುಖಮಾಡಿ ಮೆಲ್ಲಗೆ ಮಾತಾಡುತ್ತಿದ್ದ. ನಾನು ರಟ್ಟು ನೋಡುತ್ತ ಕೂರುತ್ತಿದ್ದೆ.

ಮಳೆಗಾಲಕ್ಕೆ ಬೋಟು ನಿಂತಾಗ ಊರಿಗೆ ಹೊರಟವನು ಅದೇ ನಂಬರನ್ನು ಕನ್ನಡದ ಅಂಕಿಗಳಲ್ಲಿ ಬರೆದುಕೊಟ್ಟ. ಒಂದೂ ತಪ್ಪಿರಲಿಲ್ಲ.

"ಅಕ್ಕಾ, ಫೋನ್ ಮಾಡು," ಎಂದ.

ಮಳೆ ಮುಗಿದು ಉಳಿದವರೆಲ್ಲ ಬಂದರು, ಅವನು ಬರಲಿಲ್ಲ. ಭಾನುವಾರಗಳು ಖಾಲಿ ಅನ್ನಿಸತೊಡಗಿದಾಗ ನಂಬರು ಒತ್ತಿದೆ. ಹೆಂಗಸೊಬ್ಬಳು ಎತ್ತಿದಳು. ಅವನ ಹೆಸರು ಹೇಳಿದೆ. ಅವಳು ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಆ ಹತ್ತು ಅಂಕಿ ಬಿಟ್ಟರೆ ಬಂಗಾಳಿಯ ಒಂದು ಶಬ್ದವೂ ನನಗೆ ಬರುತ್ತಿರಲಿಲ್ಲ.