ಗಂಗೋತ್ರಿಯ ಮರುಪರೀಕ್ಷೆ

ಗಂಗೋತ್ರಿ ಡೆಂಗಿ ಜ್ವರದಲ್ಲಿ ಹೋದಳು. ಮಣ್ಣು ಮುಗಿಸಿ ಬಂದು ನಾನು ಊಟ ಮಾಡಿದೆ. ಅಳು ಬರಲಿಲ್ಲ.

ಆದೋನಿಯ ಗುರುಪಾದಯ್ಯನವರ ಈಜುಕೊಳದಲ್ಲಿ ಬೆಳಗಿನ ಮಹಿಳೆಯರ ಬ್ಯಾಚಿಗೆ ನಾನು ಕಲಿಸುತ್ತಿದ್ದೆ, ಅವಳು ಲೈಫ್‌ಗಾರ್ಡ್. ಕಲಿಸುವವಳ ಕಣ್ಣು ಒಬ್ಬರ ಮೇಲಿರುತ್ತದೆ. ಉಳಿದವರನ್ನೆಲ್ಲ ನೋಡಲು ಇನ್ನೊಬ್ಬರು ಬೇಕು. ಅವಳ ಲೈಫ್‌ಗಾರ್ಡ್ ಕಾರ್ಡಿಗೆ ಎರಡು ವರ್ಷದ ಅವಧಿ. ಅದು ಮುಗಿದರೆ ಮತ್ತೆ ನೀರಿಗಿಳಿದು ತೋರಿಸಬೇಕು.

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯಲ್ಲಿ ಆ ಪರೀಕ್ಷೆ ನಡೆಯಿತು. ನಾನೂ ಜೊತೆಗೆ ಹೋಗಿದ್ದೆ. ಈಜು ಸರಾಗವಾಗಿ ಮುಗಿಯಿತು. ಮುಳುಗಿದವರ ಬದಲಿಗೆ ನೀರಲ್ಲಿ ಇಳಿಸಿದ್ದ ಬೊಂಬೆಯನ್ನು ಆಳದಿಂದ ಎತ್ತಿ, ಮುಖ ನೀರಿನ ಮೇಲಿಟ್ಟು ದಡಕ್ಕೆ ಎಳೆದು ತಂದಳು. ಏದುಸಿರು ಬಿಡುತ್ತಲೇ ಬೊಂಬೆಯನ್ನು ಬೋರಲು ಮಾಡಿ, ನೀರು ಕಕ್ಕಿಸುವಂತೆ ಬೆನ್ನು ಅಮುಕಿದಳು. ಅವಳ ಹುಟ್ಟೂರು ಹೊಳಗುಂದದಲ್ಲಿ ಬಾವಿಗೆ ಬಿದ್ದವರಿಗೆ ಅವಳಪ್ಪ ಮಾಡುತ್ತಿದ್ದುದೇ ಹಾಗೆ.

"ನಿಲ್ಸಮ್ಮಾ," ಎಂದರು ಪರೀಕ್ಷಕರು. "ಈಗ ಏನು ಮಾಡಬೇಕಿತ್ತು?"

"ಉಸಿರು ಐತೇನು ನೋಡಿ, ಸಹಾಯಕ್ಕ ಕೂಗಿ, ಮೊದಲು ಬಾಯಿಗೆ ಉಸಿರು ಕೊಡಬೇಕ್ರಿ. ಆಮೇಲೆ ಎದೆ ಒತ್ತಬೇಕು. ನೀರು ತೆಗೆಯಾಕ ಹೋಗಬಾರದು."

"ಬಾಯಿಗೆ ಗೊತ್ತೈತಿ. ಕೈಗೆ ಗೊತ್ತಿಲ್ಲ," ಎಂದರು ಅವರು.

ಫೇಲ್. ಆದೋನಿಗೆ ಬಂದು ಬ್ಯಾಚಿನವರಿಗೆ ತಾನೇ ಹೇಳಿದಳು. ಮರುಪರೀಕ್ಷೆ ಪಾಸಾಗುವ ತನಕ ಬ್ಯಾಚ್ ಇಲ್ಲ.

ಗುರುಪಾದಯ್ಯನವರು ಒಪ್ಪಲಿಲ್ಲ. "ನಮ್ಮ ಅಳಿಯ ಬಾಲರಾಜ್ ಅಂಡಮಾನಿನಾಗ ಸ್ಕೂಬಾ ಇನ್‌ಸ್ಟ್ರಕ್ಟರ್. ರಜಾಕ್ಕ ಬಂದಾನ. ಅಲ್ಲೀತನಕ ಆತನ್ನ ಕುಂದ್ರಸೋಣ. ಸಮುದ್ರದ ಸರ್ಟಿಫಿಕೇಟಮ್ಮಾ, ನಿಂದಕ್ಕಿಂತ ದೊಡ್ಡದು."

"ಆತ ಸಿಲಿಂಡರ್ ಕಟ್ಟಿ ಮುಳುಗೋದು ಕಲಸ್ತಾನ್ರಿ, ಅಯ್ಯಾರ. ಕುಂತು ಕಾಯೋ ಪರೀಕ್ಷೆ ಬ್ಯಾರೆ. ಅದೂ ಅಲ್ದ, ಗಂಡಸು ಕುಂತ್ರ ಜಯಕ್ಕ ನೀರಿಗಿಳೀತಾಳೇನು?"

"ಇಳೀತೀನಿ," ಎಂದಳು ಬ್ಯಾಚಿನಲ್ಲೇ ಹಿರಿಯಳಾದ ಜಯಕ್ಕ, "ಆತ ಕಣ್ಣು ಮುಚ್ಕೊಂಡಿದ್ರ."

ಗಂಗೋತ್ರಿ ನಕ್ಕಳು. ಆ ನಗು ನನಗೆ ಇನ್ನೂ ಕೇಳಿಸುತ್ತದೆ. ಕೇಳಿಸಿದರೂ ಏನೂ ಆಗುವುದಿಲ್ಲ.

ದಿನಾಲು ಕೊಳದ ತುಂಬ ಈಜಿ, ದಣಿದ ಮೇಲೆಯೇ ಬೊಂಬೆಯ ಮುಂದೆ ಕೂರುತ್ತಿದ್ದಳು. "ದಣಿದಾಗ್ಲೇ ಹಳೇ ಕೈ ಎದ್ದು ಬರತೈತಿ, ಪ್ರತಿಮಾ," ಎನ್ನುತ್ತಿದ್ದಳು. ಮರುಪರೀಕ್ಷೆಯಲ್ಲಿ ಪಾಸಾದಳು. ಬ್ಯಾಚ್ ಮತ್ತೆ ತೆರೆಯಿತು, ಮಳೆಗಾಲದ ತನಕ ನಡೆಯಿತು.

ಅವಳು ಹೋದ ಮರುವಾರ ಗುರುಪಾದಯ್ಯನವರು ಆಫೀಸಿಗೆ ಕರೆದರು. ಗೋಡೆಯ ಮೇಲೆ ಅವಳ ಹೊಸ ಕಾರ್ಡು ಇತ್ತು.

"ಹೆಂಗೂ ಅವಧಿ ಇನ್ನಾ ಐತಿ. ಯಾರರ ಬಂದು ಕೇಳಿದ್ರ ತೋರಸೋಣ. ನೀನು ಕಲಸ್ತಾ ಇರಮ್ಮಾ."

ಅವರು ಕೆಟ್ಟವರಲ್ಲ. ಬ್ಯಾಚ್ ನಿಲ್ಲಬಾರದೆಂದೇ ಹೇಳಿದರು. ನಾನು ಗೋಡೆಯಿಂದ ಕಾರ್ಡು ಬಿಚ್ಚಿ ಅವರ ಮೇಜಿನ ಮೇಲಿಟ್ಟೆ. ಹೊರಗೆ ಜಯಕ್ಕ, ಉಳಿದವರು ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ಕಾಯುವವರು ಯಾರೂ ಇಲ್ಲ, ಮನೆಗೆ ಹೋಗಿ ಎಂದೆ. ಹೋದರು.